ಕೂಸಿನ ಮೊದಲ ಚಿನ್ನ

ತೊಟ್ಟಿಲಿಗೆ ಹಾಕುವ ದಿನ ಸಮೀಪಿಸಿತೆಂದರೆ ಮನೆಯಲ್ಲಿ ಚಿನ್ನದ ಮಾತು ತಾನಾಗಿಯೇ ಮೊದಲಾಗುವುದು. ತೌರಿನವರು ಬಳೆಯನ್ನು ತರುವರೋ ಸರವನ್ನು ತರುವರೋ, ಸೋದರತ್ತೆಯ ಉಡುಗೊರೆ ಉಂಗುರವೋ ಓಲೆಯೋ ಎಂದು ಹಿರಿಯರೆಲ್ಲರೂ ಕುಳಿತು ಮಾತನಾಡುವರು. ಆ ಮಾತಿನಲ್ಲಿ ತೂಕ ಎಷ್ಟು, ಬೆಲೆ ಎಷ್ಟು, ಕೆಲಸ ಹೇಗೆ ಎಂಬ ಮೂರು ಪ್ರಶ್ನೆಗಳು ತಪ್ಪದೆ ಬರುತ್ತವೆ. ಈ ಒಡವೆ ಹೇಗೆ ಮುಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡರೆ ಅದರ ಯಾವ ಭಾಗ ಕೂಸಿನ ಕೈಗೆ ಸಿಕ್ಕುವುದು ಎಂಬ ನಾಲ್ಕನೆಯ ಪ್ರಶ್ನೆಯನ್ನು ಮಾತ್ರ ಕೇಳುವವರು ವಿರಳ. ನಾವೂ ಕೇಳಿದವರಲ್ಲ. ಕೇಳದೆ ಪಟ್ಟ ಪಾಡನ್ನೇ ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುವೆವು.

ನಮ್ಮ ಮೊಮ್ಮಗಳಿಗೆ ಆಗ ಹತ್ತು ತಿಂಗಳು. ಕಿವಿಯಲ್ಲಿ ಕಡಲೆಬೇಳೆಗಿಂತ ಚಿಕ್ಕದಾದ ಚಿನ್ನದ ಓಲೆ. ಹಿಂದೆ ಅದೇ ಚಿನ್ನದ ತಿರುಪು. ಒಂದು ಸಂಜೆ ನಿದ್ದೆಯಿಂದೆತ್ತಿದಾಗ ಎಡಗಿವಿಯ ಓಲೆ ದಿಂಬಿನ ಮೇಲೆ ಬಿದ್ದಿತ್ತು, ತಿರುಪು ಎಲ್ಲಿಯೂ ಇರಲಿಲ್ಲ. ಹಾಸಿಗೆಯನ್ನು ಕೊಡವಿದೆವು, ಚಾಪೆಯನ್ನು ಮಗುಚಿದೆವು, ನೆಲವನ್ನು ಗುಡಿಸಿ ಕಸವನ್ನು ಜರಡಿ ಹಿಡಿದೆವು. ಮಗು ಕೆಮ್ಮಲಿಲ್ಲ, ಅಳಲಿಲ್ಲ, ಎಂದಿನಂತೆ ಹಾಲು ಕುಡಿಯಿತು. ಆದರೂ ನಮ್ಮ ಸೊಸೆಯ ಮನಸ್ಸು ಒಪ್ಪದೆ ರಾತ್ರಿಯೇ ಆಸ್ಪತ್ರೆಗೆ ಒಯ್ದೆವು. ಕ್ಷ-ಕಿರಣದ ಚಿತ್ರದಲ್ಲಿ ಹೊಟ್ಟೆಯ ಭಾಗದಲ್ಲಿ ಸಾಸಿವೆಯಂತಹ ಬೆಳ್ಳನೆಯ ಚುಕ್ಕೆಯೊಂದು ಸ್ಪಷ್ಟವಾಗಿ ಕಂಡಿತು. ದುಂಡಾದ ಸಣ್ಣ ವಸ್ತು ಜಠರವನ್ನು ಸೇರಿದ ಮೇಲೆ ಸಾಮಾನ್ಯವಾಗಿ ಮಲದೊಡನೆ ತಾನೇ ಹೊರಬೀಳುವುದೆಂದು ವೈದ್ಯರು ಧೈರ್ಯ ಹೇಳಿ ಕಳುಹಿಸಿದರು. ಮೂರನೆಯ ದಿನ ಬೆಳಗ್ಗೆ ಅದು ಹೊರಬಿತ್ತು. ಅನ್ನನಾಳಕ್ಕೆ ಹೋದದ್ದು ಶ್ವಾಸನಾಳಕ್ಕೆ ಹೋಗಿದ್ದರೆ ಈ ಕಥೆಯನ್ನು ಇಷ್ಟು ಸಮಾಧಾನದಿಂದ ಬರೆಯಲು ನಮ್ಮಿಂದ ಆಗುತ್ತಿರಲಿಲ್ಲ.

ಆ ಓಲೆಯನ್ನು ನಮಗೆ ಪರಿಚಿತರಾದ ವೃದ್ಧ ಅಕ್ಕಸಾಲಿಗರೊಬ್ಬರಿಗೆ ತೋರಿಸಿದೆವು. ಅವರು ಓಲೆಯ ಕಡ್ಡಿಯನ್ನು ಬೆಳಕಿಗೆ ಹಿಡಿದು, "ತಾಯೀ, ದಿನವೂ ಎಣ್ಣೆನೀರಿಗೆ ಮುಂಚೆ ಇದನ್ನು ತೆಗೆದು ಹಾಕುತ್ತಿದ್ದಿರೇನು?" ಎಂದು ನಮ್ಮ ಸೊಸೆಯನ್ನು ಕೇಳಿದರು. ಹೌದೆಂದಳು. "22 ಕ್ಯಾರೆಟ್ ಚಿನ್ನ ಮೃದು. ತೆಗೆದು ಹಾಕಿದಷ್ಟೂ ತಿರುಪಿನ ಸುತ್ತು ಸವೆಯುತ್ತದೆ. ಸವೆದದ್ದು ಬಿಗಿದಂತೆ ತೋರುತ್ತದೆ, ಆದರೆ ಹಿಡಿಯುವುದಿಲ್ಲ" ಎಂದರು. ತಪ್ಪು ಚಿನ್ನದ್ದಲ್ಲ, ಮಗುವಿನದಂತೂ ಅಲ್ಲ. ಎರಡು ತುಂಡಾಗಬಲ್ಲ ಒಡವೆಯನ್ನು ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಗುವಿಗೆ ತೊಡಿಸಿದ ನಮ್ಮದು.

ಅಂದಿನಿಂದ ನಾವು ಒಂದು ಅಳತೆಯನ್ನು ಕಲಿತೆವು. ಮೂರು ವರ್ಷದೊಳಗಿನ ಮಕ್ಕಳ ಆಟದ ಸಾಮಾನುಗಳನ್ನು ಪರೀಕ್ಷಿಸುವವರು 31.7 ಮಿಲಿಮೀಟರ್ ಅಗಲದ ಬಾಯುಳ್ಳ ಒಂದು ಸಣ್ಣ ನಳಿಗೆಯನ್ನು ಇಟ್ಟುಕೊಂಡಿರುತ್ತಾರೆ. ಅದರ ತಳ ಓರೆಯಾಗಿದ್ದು, ಒಂದು ಬದಿಯ ಆಳ ಸುಮಾರು 25 ಮಿಲಿಮೀಟರ್, ಎದುರು ಬದಿಯದು 57. ಯಾವುದೇ ವಸ್ತುವನ್ನು ಒತ್ತದೆ ಅದರೊಳಗೆ ಬಿಟ್ಟಾಗ ಅದು ಪೂರ್ತಿಯಾಗಿ ಒಳಗೆ ಅಡಗಿತೆಂದರೆ, ಅದು ಚಿಕ್ಕ ಮಕ್ಕಳಿಗೆ ಉಸಿರುಕಟ್ಟಿಸಬಲ್ಲ ವಸ್ತುವೆಂದು ಎಣಿಕೆ. ಈ ನಳಿಗೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ದಪ್ಪ ಕಾಗದದ ಮೇಲೆ 10 ಸೆಂಟಿಮೀಟರ್ ಉದ್ದಕ್ಕೆ ಗೆರೆ ಹಾಕಿ, ಅಂಟಿಸುವುದಕ್ಕೆಂದು ಒಂದು ಬೆರಳಗಲ ಹೆಚ್ಚಾಗಿ ಬಿಟ್ಟು, ಸುಮಾರು 57 ಮಿಲಿಮೀಟರ್ ಎತ್ತರದ ಪಟ್ಟಿಯನ್ನು ಕತ್ತರಿಸಿ, ಗೆರೆಗೆ ಅಂಚು ಕೂಡುವಂತೆ ಸುತ್ತಿ ಅಂಟಿಸಿದರೆ, ಬಾಯಿ ಬಹುಮಟ್ಟಿಗೆ ಅಷ್ಟೇ ಅಗಲವಾಗುವುದು. ತಳವನ್ನು ಓರೆಮಾಡದೆ ಬಿಟ್ಟರೆ ಈ ನಳಿಗೆಯಲ್ಲಿ ಇನ್ನೂ ಸ್ವಲ್ಪ ದೊಡ್ಡ ವಸ್ತುಗಳೂ ಅಡಗುವುವು. ಪರೀಕ್ಷೆ ತುಸು ಕಠಿನವಾಯಿತೆಂದು ತಿಳಿದರೆ ಸಾಕು, ನಷ್ಟವೇನೂ ಇಲ್ಲ.

ಈಗ ಮನೆಯಲ್ಲಿರುವ ಕೂಸಿನ ಒಡವೆಗಳನ್ನು ಒಂದೊಂದಾಗಿ ಇದರೊಳಗೆ ಬಿಟ್ಟು ನೋಡಿರಿ. ಉಂಗುರ ಅಡಗುತ್ತದೆ. ಓಲೆಯೂ ತಿರುಪೂ ಅಡಗುತ್ತವೆ. ಉಡಿದಾರಕ್ಕೆ ಕೋದ ಚಿನ್ನದ ಗುಂಡು ಅಡಗುತ್ತದೆ. ಉದ್ದವಾದುದೆಂದು ನಾವು ಭಾವಿಸುವ ಸರವೂ ಮುದುಡಿಕೊಂಡು ಒಳಗಿಳಿಯುತ್ತದೆ. ಹೊರಗೆ ಉಳಿಯುವುದು ಬಳೆ ಒಂದೇ. ಕೂಸಿನ ಮೊದಲ ಚಿನ್ನ ಯಾವುದಿರಬೇಕೆಂಬ ಪ್ರಶ್ನೆಗೆ ಕಾಗದದ ಈ ನಳಿಗೆಯೇ ಉತ್ತರ ಕೊಡುತ್ತದೆಯೆಂಬುದು ನಮ್ಮ ಅಭಿಪ್ರಾಯ.

ಬಳೆಯೆಂದರೆ ಎಲ್ಲ ಬಳೆಯೂ ಅಲ್ಲ. ಗಟ್ಟಿ ತಂತಿಯನ್ನು ಬಗ್ಗಿಸಿ, ಎರಡು ತುದಿಗಳನ್ನು ಸೇರಿಸಿ ಬೆಸೆದ, ಕೊಂಡಿಯೂ ಕೀಲೂ ಇಲ್ಲದ, ಹರಳೂ ಗೆಜ್ಜೆಯೂ ಇಲ್ಲದ ಒಂದೇ ತುಂಡಿನ ಬಳೆಯನ್ನೇ ನಾವು ಹೇಳುತ್ತಿರುವುದು. ಗೆಜ್ಜೆ ಕಟ್ಟಿದ ಬಳೆಯ ನಾದ ಇಂಪಾದುದು ನಿಜ. ಆದರೆ ಆ ಗೆಜ್ಜೆಗಳು ಸಣ್ಣ ಬಳೆಯ ಒಂದೊಂದು ಚುಕ್ಕೆ ಬೆಸುಗೆಯನ್ನೇ ನೆಚ್ಚಿಕೊಂಡಿರುತ್ತವೆ. ಮಗು ಕಚ್ಚುವುದೂ ಅವುಗಳನ್ನೇ. ತುದಿಗಳು ಬಿಡಿಯಾಗಿರುವ ಕಡಗವನ್ನು ಬೆಳೆದಂತೆ ಅಗಲಿಸಿಕೊಳ್ಳಬಹುದೆಂದು ಹಲವರು ಕೊಳ್ಳುವರು. ಆ ತುದಿಗಳ ಸಂದಿಗೆ ಎಳೆಯ ಚರ್ಮ ಸಿಕ್ಕುತ್ತದೆ, ಸಾಲು ಬಟ್ಟೆಯ ನೂಲು ತೊಡರುತ್ತದೆ, ಮುಖ ಉಜ್ಜಿಕೊಂಡಾಗ ಗೀರು ಬೀಳುತ್ತದೆ. ಪೊಳ್ಳು ಬಳೆ ನೋಟಕ್ಕೆ ದಪ್ಪ, ತೂಕಕ್ಕೆ ಹಗುರ. ಹಲ್ಲು ಮೂಡುವ ಮಗು ಅದನ್ನು ಕಚ್ಚಿ ತಗ್ಗು ಮಾಡಿದರೆ ತಗಡು ಸೀಳಿ ಅಂಚು ಹರಿತವಾಗುವ ಸಂಭವವುಂಟು.

ಅಳತೆಯ ಮಾತನ್ನು ಒಂದು ಉದಾಹರಣೆಯಿಂದ ಹೇಳುವೆವು. ಮಗು ನಿದ್ರಿಸುವಾಗ ಅದರ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಬೆರಳಬುಡದ ಗಿಣ್ಣುಗಳ ಮೇಲೆ ಹಾಯುವಂತೆ ನೂಲನ್ನು ಸುತ್ತಿ ಅಳೆಯಬೇಕು. ಮಣಿಕಟ್ಟನ್ನು ಅಳೆದರೆ ಪ್ರಯೋಜನವಿಲ್ಲ. ಬಳೆ ಏರಿ ಇಳಿಯಬೇಕಾದುದು ಅಂಗೈಯ ಮೇಲೆ. ನೂಲಿನ ಉದ್ದ 10 ಸೆಂಟಿಮೀಟರ್ ಬಂದಿತೆನ್ನೋಣ. ಅದನ್ನು 3.14ರಿಂದ ಭಾಗಿಸಿದರೆ ಸುಮಾರು 3.18 ಸೆಂಟಿಮೀಟರ್, ಎಂದರೆ ಒಂದೂಕಾಲು ಇಂಚು. ಬಳೆಯ ವ್ಯಾಪಾರದಲ್ಲಿ ಒಳ ಅಗಲವನ್ನು ಇಂಚು ಮತ್ತು ಇಂಚಿನ ಹದಿನಾರನೆಯ ಭಾಗಗಳಲ್ಲಿ ಹೇಳುವ ರೂಢಿ. ಕಾಲು ಇಂಚೆಂದರೆ ಹದಿನಾರರಲ್ಲಿ ನಾಲ್ಕು. ಆದುದರಿಂದ ಇದು "ಒಂದು ನಾಲ್ಕು" ಅಳತೆಯ ಬಳೆ. ಆದರೆ ಸರಿಯಾಗಿ ಇದೇ ಅಳತೆಯನ್ನು ಕೊಳ್ಳದೆ, ಮುಂದಿನ "ಒಂದು ಆರು" ಅಳತೆಯನ್ನು ಕೊಳ್ಳುವುದೇ ವಿಹಿತ. ದೊಡ್ಡದಾದರೆ ಬಳೆ ಜಾರಿ ಕೆಳಗೆ ಬೀಳಬಹುದು. ಬಿದ್ದರೂ ಅದು ಗಂಟಲಿಗೆ ಹೋಗುವ ವಸ್ತುವಲ್ಲ. ಚಿಕ್ಕ "ಒಂದು ನಾಲ್ಕು" ಬಳೆಯನ್ನೇ ಒಂದೂವರೆ ಮಿಲಿಮೀಟರ್ ದಪ್ಪದ ತಂತಿಯಲ್ಲಿ ಮಾಡಿಸಿದರೂ ಅದರ ಹೊರ ಅಗಲ 34 ಮಿಲಿಮೀಟರನ್ನು ಮೀರುವುದರಿಂದ, 31.7ರ ನಳಿಗೆಯಲ್ಲಿ ಅದು ಯಾವ ಮಗ್ಗುಲಿನಿಂದಲೂ ಇಳಿಯಲಾರದು. ಬಿಗಿಯಾದರೆ ಮಾತ್ರ ಕಷ್ಟ. ಕೂಸಿನ ಕೈ ವಾರವಾರಕ್ಕೂ ದುಂಡಾಗುತ್ತದೆ. ಬಳೆ ಚರ್ಮದಲ್ಲಿ ಗುರುತು ಮೂಡಿಸುವವರೆಗೆ ಯಾರಿಗೂ ತಿಳಿಯುವುದಿಲ್ಲ. ದೊಡ್ಡವರ ಕಿರುಬೆರಳು ಬಳೆಗೂ ಮಣಿಕಟ್ಟಿಗೂ ನಡುವೆ ಸರಾಗವಾಗಿ ತೂರಬೇಕು, ಸೋಪಿನ ನೊರೆ ಹಚ್ಚಿದರೆ ಬಳೆ ಅಂಗೈ ದಾಟಿ ಬರಬೇಕು. ಈ ಎರಡನ್ನು ತಿಂಗಳಿಗೊಮ್ಮೆ ನೋಡುವುದು. ಹೆರಿಗೆಗೆ ಮುಂಚೆಯೇ ಅಂದಾಜಿನಿಂದ ಬಳೆ ಮಾಡಿಸಿಡುವ ಪದ್ಧತಿಯನ್ನು ಬಿಡುವುದೇ ಲೇಸು.

ಖರ್ಚನ್ನೂ ಲೆಕ್ಕ ಹಾಕಿ ನೋಡೋಣ. ತೌರಿನವರು 8 ಗ್ರಾಂ, ಎಂದರೆ ಒಂದು ಸವರನ್ನಿನಷ್ಟು ಚಿನ್ನವನ್ನು ಎತ್ತಿಟ್ಟಿರುವರೆನ್ನೋಣ. ಮೇಲೆ ಹೇಳಿದ ಒಂದೂವರೆ ಮಿಲಿಮೀಟರ್ ತಂತಿಯ "ಒಂದು ನಾಲ್ಕು" ಬಳೆ 22 ಕ್ಯಾರೆಟ್‌ನಲ್ಲಿ ಸುಮಾರು ಮೂರೂಕಾಲು ಗ್ರಾಂ ತೂಗುತ್ತದೆ. "ಒಂದು ಆರು" ಆದರೆ ಅದಕ್ಕಿಂತ ತುಸು ಹೆಚ್ಚು. ಒಂದು ಜೊತೆಗೆ ಏಳು, ಏಳೂಕಾಲು ಗ್ರಾಂ. ಎಂಟು ಗ್ರಾಮಿನಲ್ಲಿ ಒಂದು ಜೊತೆ ಗಟ್ಟಿ ಬಳೆ ಸಲ್ಲುವುದು. ಅದೇ ಎಂಟು ಗ್ರಾಮನ್ನು ಉಂಗುರಕ್ಕೆ ಒಂದು, ಓಲೆಗೆ ಒಂದೂವರೆ, ಉಳಿದದ್ದು ತೆಳ್ಳನೆಯ ಸರಕ್ಕೆ ಎಂದು ಹಂಚಿದರೆ ಮೂರು ಒಡವೆಗಳಾದವು. ಮೂರೂ ನಳಿಗೆಯೊಳಗೆ ಅಡಗುವಂತಹವು.

ಹೀಗೆ ಹಂಚುವುದರಲ್ಲಿ ಇನ್ನೊಂದು ನಷ್ಟವೂ ಉಂಟು. ನಮ್ಮ ದೇಶದಲ್ಲಿ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಮುದ್ರೆಯನ್ನು 2021ರಿಂದ ಜಿಲ್ಲೆ ಜಿಲ್ಲೆಯಾಗಿ ಕಡ್ಡಾಯ ಮಾಡುತ್ತ ಬರಲಾಗಿದೆ. ಭಾರತೀಯ ಮಾನಕ ಸಂಸ್ಥೆಯ ಗುರುತು, ಶುದ್ಧತೆಯ ಸಂಖ್ಯೆ, ಆ ಒಡವೆಗೆಂದೇ ಕೊಟ್ಟ ಆರು ಅಕ್ಷರಾಂಕಗಳ ಗುರುತು, ಇವು ಮೂರೂ ಅದರ ಮೇಲಿರಬೇಕು. 22 ಕ್ಯಾರೆಟ್‌ಗೆ ಸಂಖ್ಯೆ 916. ಆ ಆರು ಅಕ್ಷರಾಂಕಗಳನ್ನು ಸಂಸ್ಥೆಯ ಮೊಬೈಲ್ ಉಪಕರಣವಾದ "ಬಿಐಎಸ್ ಕೇರ್"ನಲ್ಲಿ ಬರೆದು ಕೊಳ್ಳುವವರೇ ಪರೀಕ್ಷಿಸಿಕೊಳ್ಳಬಹುದು. ಆದರೆ 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯವಿಲ್ಲ. ಕೂಸಿನ ಉಂಗುರವೂ ಓಲೆಯೂ ಸಾಮಾನ್ಯವಾಗಿ ಈ ಮಿತಿಯೊಳಗೇ ಬೀಳುತ್ತವೆ. ಗಂಟಲಿಗೆ ಇಳಿಯುವಷ್ಟು ಚಿಕ್ಕದಾದ ಒಡವೆ ಹಲವು ವೇಳೆ ಮುದ್ರೆಗೂ ನಿಲುಕದಷ್ಟು ಚಿಕ್ಕದಾಗಿರುತ್ತದೆ. ಮೂರೂಕಾಲು ಗ್ರಾಮಿನ ಬಳೆ ಎರಡು ಕಡೆಯೂ ನಿರ್ಭಯವಾದುದು.

ಬಳೆಯೊಂದರಿಂದಲೇ ಮನೆಯವರು ತೃಪ್ತರಾಗುವರೆ ಎಂದು ವಾಚಕರು ಕೇಳಬಹುದು. ಕಿವಿ ಚುಚ್ಚಿಸುವ ಸಂಪ್ರದಾಯವುಳ್ಳ ಮನೆಗಳಲ್ಲಿ ಓಲೆಯ ಪ್ರಶ್ನೆ ತಪ್ಪಿದ್ದಲ್ಲ. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಹಾಕಿಸುವ ಚುಚ್ಚುಮದ್ದುಗಳಲ್ಲಿ ಧನುರ್ವಾಯುವಿನ ರಕ್ಷಣೆಯೂ ಸೇರಿರುವುದರಿಂದ, ಅವು ಮುಗಿಯುವವರೆಗೆ ತಡೆಯುವುದು ಮೊದಲನೆಯ ವಿವೇಕ. ಎರಡನೆಯದು, ಓಲೆಯ ಬಂಧ ಯಾವುದೆಂಬುದು.

ಹಳೆಯ ಅಕ್ಕಸಾಲಿಗರು ಎಳೆಯ ಕಿವಿಗೆ ಹಾಕುತ್ತಿದ್ದುದು ತೆಳ್ಳನೆಯ ಚಿನ್ನದ ತಂತಿಯ ಮುರು. ತಂತಿಯನ್ನು ತೂರಿಸಿ ತುದಿಗಳನ್ನು ಒಂದರ ಪಕ್ಕಕ್ಕೊಂದು ತಂದು ಸುತ್ತಿ ಒತ್ತಿಬಿಡುವರು. ಅದರಲ್ಲಿ ಬೇರೆಯಾಗತಕ್ಕ ತುಂಡು ಎಂಬುದೇ ಇಲ್ಲ. ಅದರ ಗುಣ ಇದೇ. ಸುತ್ತು ದೊಡ್ಡದಾಗಿ ಜೋಲುತ್ತಿದ್ದರೆ ಮಗುವಿನ ಬೆರಳೋ ತಾಯಿಯ ಸೆರಗೋ ಸಿಕ್ಕಿ ಹಾಲೆಯನ್ನು ಎಳೆಯುವುದು ಅದರ ದೋಷ. ಆದುದರಿಂದ ಮುರು ಹಾಲೆಯ ಅಂಚಿಗೆ ಹತ್ತಿರವಾಗಿ, ಆದರೆ ಒತ್ತದೆ ತಿರುಗುವಂತಿರಬೇಕು. ತುದಿ ಬೆರಳಿಗೆ ಚುಚ್ಚಬಾರದು.

ತಿರುಪಿನ ಓಲೆಯನ್ನೇ ಹಾಕಬೇಕೆಂದಿದ್ದರೆ ಅಂಗಡಿಯಲ್ಲಿಯೇ ತಿರುಪನ್ನು ನೀವೇ ತಿರುಗಿಸಿ ನೋಡಿರಿ. ಕಡೆಯವರೆಗೂ ಸಮವಾದ ಬಿಗುಪು ಬೆರಳಿಗೆ ತಿಳಿಯಬೇಕು. ಅರ್ಧದಲ್ಲಿ ಸಡಿಲವಾಗಿ ಸುತ್ತಿದರೆ, ಅಥವಾ ಪೂರ್ತಿ ಹಾಕಿದ ಮೇಲೆ ನೇರವಾಗಿ ಎಳೆದಾಗ ಕಳಚಿ ಬಂದರೆ ಅದನ್ನು ಬಿಡತಕ್ಕದ್ದು. ಕಡ್ಡಿ ಮತ್ತು ತಿರುಪನ್ನು ಮಾತ್ರ 18 ಕ್ಯಾರೆಟ್‌ನಲ್ಲಿ ಮಾಡಿಸಿಕೊಂಡರೆ, ಆ ಚಿನ್ನ ಹೆಚ್ಚು ಗಡಸಾದುದರಿಂದ ಸುತ್ತು ಬೇಗ ಸವೆಯದು. ತಿರುಪಿನ ಹಿಂಭಾಗ ಮುಚ್ಚಿದ ಗುಬುಟಿನಂತಿದ್ದರೆ ಕಡ್ಡಿಯ ತುದಿ ಮಲಗಿದ ಮಗುವಿನ ಕತ್ತಿಗೆ ಚುಚ್ಚುವುದಿಲ್ಲ.

ಬಿದ್ದೀತೆಂಬ ಭಯದಿಂದ ತಿರುಪನ್ನು ಒತ್ತಿ ಬಿಗಿಯುವವರು ಮತ್ತೊಂದು ತೊಂದರೆಯನ್ನು ತರುವರು. ಚುಚ್ಚಿದ ಹಾಲೆ ಮಾಯಲು ಆರು ವಾರಗಳಾದರೂ ಬೇಕು. ಅಷ್ಟರಲ್ಲಿ ಅದು ಒಮ್ಮೊಮ್ಮೆ ಊದಿಕೊಳ್ಳುತ್ತದೆ. ಆಗ ಬಿಗಿದ ತಿರುಪು ಮಾಂಸದೊಳಗೆ ಹುದುಗಿ, ಮೇಲೆ ಚರ್ಮ ಮುಚ್ಚಿಕೊಳ್ಳುವುದುಂಟು. ತಿರುಪು ಕಳೆದುಹೋಯಿತೆಂದು ಹುಡುಕುವಾಗ ಅದು ಹಾಲೆಯೊಳಗೇ ಇರುತ್ತದೆ. ಹಾಲೆಯನ್ನು ಹಿಂದಿನಿಂದ ಮುಟ್ಟಿದಾಗ ಗಟ್ಟಿಯಾದ ಗಂಟು ಸಿಕ್ಕಿದರೆ, ಕೆಂಪಾಗಿ ಕೀವು ಒಸರಿದರೆ, ಅದನ್ನು ಮನೆಯಲ್ಲಿ ಕೀಳದೆ ವೈದ್ಯರಲ್ಲಿಗೆ ಒಯ್ಯುವುದು. ಹಾಲೆಗೂ ತಿರುಪಿಗೂ ನಡುವೆ ಬೆಳಕು ಕಾಣುವಷ್ಟು ಎಡೆ ಯಾವಾಗಲೂ ಇರಬೇಕು.

ಇನ್ನು ಸರದ ವಿಚಾರ. ಕಿವಿಯ ಒಡವೆಯ ಬಂಧ ಬಿಡಬಾರದು. ಕತ್ತಿನ ಒಡವೆಯ ಬಂಧ ಎಳೆದರೆ ಬಿಟ್ಟುಬಿಡಬೇಕು. ಈ ವ್ಯತ್ಯಾಸವನ್ನು ಗಮನಿಸದೆ ನಾವು ಸರಕ್ಕೂ ಭದ್ರವಾದ ಕೊಂಡಿಯನ್ನೇ ಕೇಳುತ್ತೇವೆ. ಭದ್ರವಾದ ಕೊಂಡಿಯುಳ್ಳ ಸರ ತೊಟ್ಟಿಲಿನ ಸರಳಿಗೋ ಜೋಳಿಗೆಯ ಹಗ್ಗಕ್ಕೋ ಸಿಕ್ಕಿಕೊಂಡಾಗ ಹರಿಯುವುದಿಲ್ಲ, ಕುತ್ತಿಗೆಯನ್ನೇ ಬಿಗಿಯುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2018ರ ಡಿಸೆಂಬರಿನಲ್ಲಿ, ಹಲ್ಲು ಮೂಡುವ ಮಕ್ಕಳಿಗೆಂದು ಮಾರುವ ಹಾರಗಳ ವಿಷಯದಲ್ಲಿ ಎಚ್ಚರಿಕೆ ಕೊಟ್ಟಿತು. ಹದಿನೆಂಟು ತಿಂಗಳ ಮಗುವೊಂದು ಹಗಲು ನಿದ್ದೆಯಲ್ಲಿದ್ದಾಗ ಕತ್ತಿನ ಅಂಬರು ಮಣಿಯ ಹಾರ ಬಿಗಿದು ಸತ್ತದ್ದನ್ನು ಅದು ತಿಳಿಸಿತು. ಮಣಿಯ ಹಾರಕ್ಕೆ ಆದದ್ದು ಚಿನ್ನದ ಸರಕ್ಕೆ ಆಗದೆಂದು ಹೇಳಲು ಯಾವ ಕಾರಣವೂ ಇಲ್ಲ. ಸುಲಭವಾಗಿ ಹರಿಯುವ ಸರವನ್ನು ಹಾಕೋಣವೆಂದರೆ ಹರಿದ ತುಂಡು ಬಾಯಿಗೆ ಹೋಗುವುದು. ಅಯಸ್ಕಾಂತದ ಕೊಂಡಿ ಬಂದಿದೆ, ಎಳೆದರೆ ಬಿಡುತ್ತದೆ ಎಂದು ಕೆಲವರು ಹೇಳುವರು. ಅದು ಎಲ್ಲಕ್ಕಿಂತ ಕೆಟ್ಟದ್ದು. ಎರಡು ಅಯಸ್ಕಾಂತದ ತುಂಡುಗಳು ಹೊಟ್ಟೆ ಸೇರಿದರೆ ಕರುಳಿನ ಎರಡು ಮಡಿಕೆಗಳನ್ನು ಒಂದಕ್ಕೊಂದು ಹಿಡಿದೊತ್ತಿ ತೂತು ಮಾಡಬಲ್ಲವು. ಆದುದರಿಂದ ಸರಕ್ಕೆ ಒಳ್ಳೆಯ ಕೊಂಡಿ ಯಾವುದೆಂದು ಹುಡುಕುವುದು ವ್ಯರ್ಥ. ಹಿರಿಯರ ಮನಸ್ಸಿಗಾಗಿ ಸರವನ್ನು ಹಾಕಲೇಬೇಕಾದರೆ, ನಾಮಕರಣದ ಹೊತ್ತಿನಲ್ಲಿ, ಮಗು ಎಚ್ಚರವಾಗಿ ತಾಯಿಯ ತೊಡೆಯ ಮೇಲಿರುವಾಗ ಹಾಕಿ, ಹಾಲೂಡುವ ಮುನ್ನ ತೆಗೆದಿಡುವುದು. ಉಂಗುರಕ್ಕೂ ಇದೇ ನಿಯಮ.

ಇಷ್ಟಾದರೂ ಅಚಾತುರ್ಯ ನಡೆದರೆ ಏನು ಮಾಡಬೇಕೆಂಬುದನ್ನು ತಿಳಿದಿರುವುದು ಅಗತ್ಯ. ಮಗು ಗಟ್ಟಿಯಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿರಿ; ಕಾಣದ ವಸ್ತುವಿಗಾಗಿ ಬಾಯಿಗೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಸದ್ದು ಹೊರಡದೆ, ಉಸಿರಾಡದೆ ತುಟಿ ನೀಲಿಯಾದರೆ ಒಬ್ಬರು 108ಕ್ಕೆ ಕರೆಮಾಡುವಾಗ ಇನ್ನೊಬ್ಬರು ಕೂಡಲೆ ಕೈಹಚ್ಚಬೇಕು. ಒಂದು ವರ್ಷದೊಳಗಿನ ಕೂಸನ್ನು ತಲೆ ಕೆಳಗಾಗುವಂತೆ ಮುಂಗೈಯ ಮೇಲೆ ಬೋರಲು ಮಲಗಿಸಿ, ದವಡೆಯನ್ನು ಆತುಕೊಂಡು, ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಹೊಡೆಯುವುದು. ಬಳಿಕ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತುವುದು. ವಸ್ತು ಹೊರಬರುವವರೆಗೆ ಹೀಗೆ ಒಂದಾದ ಮೇಲೊಂದರಂತೆ ಮಾಡುವುದು. ಕೂಸಿನ ಹೊಟ್ಟೆಯನ್ನು ಒತ್ತಬಾರದು. ಮಗು ಎಚ್ಚರ ತಪ್ಪಿದರೆ ಉಸಿರು ಮತ್ತು ಎದೆಬಡಿತದ ಚಿಕಿತ್ಸೆಯನ್ನು 108ರವರು ಫೋನಿನಲ್ಲಿ ಹೇಳಿದಂತೆ ಮೊದಲುಮಾಡಬೇಕು.

ನೋಡುವಾಗಲೇ ಕೆಮ್ಮಿ ಉಸಿರುಕಟ್ಟಿದ ಮಗು ಬಳಿಕ ಸುಮ್ಮನಾದರೂ ಆಸ್ಪತ್ರೆಗೆ ಒಯ್ಯದಿರಬಾರದು. ವಸ್ತು ಶ್ವಾಸನಾಳದ ಒಂದು ಕವಲಿಗೆ ಇಳಿದಾಗ ಕೆಮ್ಮು ಸ್ವಲ್ಪ ಕಾಲ ನಿಲ್ಲುವುದುಂಟು. ಕೆಲವು ದಿನಗಳ ಮೇಲೆ ಗೊರಗೊರ ಸದ್ದೂ ಜ್ವರವೂ ಬರುತ್ತವೆ. ನುಂಗಿತೆಂಬ ಸಂದೇಹ ಮಾತ್ರವಿದ್ದರೆ ವಾಂತಿ ಮಾಡಿಸಬೇಡಿರಿ. ಜೊಲ್ಲು ಸುರಿಸುತ್ತಿದ್ದರೆ, ಹಾಲನ್ನು ನುಂಗದಿದ್ದರೆ, ಅಥವಾ ಕಾಣೆಯಾದುದು ಕಡ್ಡಿಯಿರುವ ಓಲೆಯೋ ಚೂಪಾದ ಕೊಂಡಿಯೋ ಆಗಿದ್ದರೆ ಕ್ಷಣವೂ ತಡಮಾಡಬಾರದು. ಚಿನ್ನ ಕ್ಷ-ಕಿರಣಕ್ಕೆ ಚೆನ್ನಾಗಿ ಕಾಣುವುದರಿಂದ ಇದೆಯೋ ಇಲ್ಲವೋ ಎಂಬುದು ಬೇಗ ನಿರ್ಧಾರವಾಗುವುದು. ಜೊತೆಯ ಇನ್ನೊಂದು ಓಲೆಯನ್ನು ಕೈಯಲ್ಲಿ ಒಯ್ದರೆ ವೈದ್ಯರಿಗೆ ಅದರ ಆಕಾರ ಗೊತ್ತಾಗುತ್ತದೆ.

ನಮ್ಮ ಮೊಮ್ಮಗಳ ಆ ಓಲೆಗಳನ್ನು ಕರಗಿಸಿ, ಅದರ ಮೇಲೆ ಇನ್ನಷ್ಟು ಚಿನ್ನ ಸೇರಿಸಿ ಬಳೆ ಮಾಡಿಸಿದೆವು. ಕಿವಿಗೆ ಅಕ್ಕಸಾಲಿಗರೇ ಮುರು ಹಾಕಿಕೊಟ್ಟರು. ಎಣ್ಣೆನೀರಿನ ದಿನ ಅದನ್ನು ತೆಗೆಯುವುದಿಲ್ಲ. ಸುತ್ತಲೂ ಒರೆಸಿ, ಹಾಲೆಯನ್ನು ಮುಂದಿನಿಂದಲೂ ಹಿಂದಿನಿಂದಲೂ ನೋಡಿ, ಬಳೆಯ ಸಂದಿನಲ್ಲಿ ಕಿರುಬೆರಳು ತೂರಿಸಿ ನೋಡಿ ಮಲಗಿಸುತ್ತೇವೆ. ಕಾಗದದ ನಳಿಗೆ ಈಗಲೂ ಒಡವೆಯ ಪೆಟ್ಟಿಗೆಯಲ್ಲಿದೆ. ಈಚೆಗೆ ಹೆಣ್ಣುಮಗುವನ್ನು ಹೆತ್ತ ನೆರೆಮನೆಯ ಸೊಸೆ ಅದನ್ನು ಕೇಳಿ ಒಯ್ದು, ಮರುದಿನ ಹಿಂದಿರುಗಿಸುತ್ತ, ತಂದಿದ್ದ ಉಂಗುರವನ್ನು ಅಂಗಡಿಗೆ ಮರಳಿಸಿದೆನೆಂದಳು.